ಆಫರ್ ಹಿಂಪಡೆದ ಮೇಲೆ ರಿಕ್ರೂಟರ್‌ಗೆ ಬರೆಯುವ ಉತ್ತರ

ನೇಮಕಾತಿ ಸ್ಥಗಿತದ ಕಾರಣಕ್ಕೆ ಆಫರ್ ಹಿಂಪಡೆಯುವ ಪತ್ರಗಳು ಎಲ್ಲ ಕಂಪನಿಗಳಲ್ಲೂ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿರುತ್ತವೆ. ವ್ಯವಹಾರದ ಪರಿಸ್ಥಿತಿ ಬದಲಾಗಿದೆ, ಹೊಸ ನೇಮಕಾತಿಗಳನ್ನು ನಿಲ್ಲಿಸಲಾಗಿದೆ, ನಿಮಗೆ ನೀಡಿದ್ದ ಆಫರನ್ನು ವಿಷಾದದಿಂದ ಹಿಂಪಡೆಯುತ್ತಿದ್ದೇವೆ, ನಿಮಗೆ ಶುಭವಾಗಲಿ ಎನ್ನುವಲ್ಲಿಗೆ ಪತ್ರ ಮುಗಿದಿರುತ್ತದೆ. ಕೆಲವು ವರ್ಷ ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡಿದ ನಾನು ಇಂಥ ಪತ್ರಗಳನ್ನು ಕಳುಹಿಸಿದ್ದೇನೆ, ಅವುಗಳಿಗೆ ಬಂದ ಉತ್ತರಗಳನ್ನೂ ಓದಿದ್ದೇನೆ. ಬಹಳ ಮಂದಿ ಉತ್ತರಿಸುವುದೇ ಇಲ್ಲ. ಉತ್ತರಿಸಿದವರಲ್ಲಿ ಹಲವರು ಸಿಟ್ಟನ್ನು ಬರೆದಿರುತ್ತಾರೆ, ಇನ್ನು ಕೆಲವರು ಏನೂ ಆಗಿಲ್ಲವೆಂಬಂತೆ ಧನ್ಯವಾದ ಹೇಳಿರುತ್ತಾರೆ. ಎರಡೂ ಸಹಜವೇ. ಆದರೆ ಆ ಎರಡು ಬಗೆಯ ಪತ್ರಗಳಿಗೂ ನಾನು ಕೊಡಬಹುದಾಗಿದ್ದ ಮರುಉತ್ತರ ಒಂದೇ ಆಗಿರುತ್ತಿತ್ತು: ‘ನಿಮ್ಮ ಪರಿಸ್ಥಿತಿ ಅರ್ಥವಾಗುತ್ತದೆ’. ಅದರಿಂದ ಬರೆದವರಿಗೆ ಯಾವ ಪ್ರಯೋಜನವೂ ಆಗುತ್ತಿರಲಿಲ್ಲ. ಪ್ರಯೋಜನವಾದದ್ದು, ನನ್ನಿಂದ ಮಾಡಲಾಗುವ ಯಾವುದೋ ಒಂದು ಕೆಲಸವನ್ನು ಸ್ಪಷ್ಟವಾಗಿ ಕೇಳಿದ ಕೆಲವೇ ಕೆಲವರಿಗೆ.

ರಿಕ್ರೂಟರ್‌ನಿಂದ ಏನು ಮಾಡಲಾಗುತ್ತದೆ, ಏನು ಆಗುವುದಿಲ್ಲ ಎಂಬುದು ತಿಳಿಯಬೇಕಾದರೆ ನೇಮಕಾತಿ ಸ್ಥಗಿತ ಕಂಪನಿಯ ಒಳಗೆ ಹೇಗೆ ಜಾರಿಯಾಗುತ್ತದೆಂದು ನೋಡಬೇಕು. ಒಂದು ಹುದ್ದೆ ಇದೆ ಎಂದರೆ ಅದಕ್ಕೆ ಹಣಕಾಸು ವಿಭಾಗದ ಮಂಜೂರಾತಿ ಇದೆ ಎಂದರ್ಥ. ರಿಕ್ವಿಸಿಷನ್ ಎಂದು ಕರೆಯುವ ಆ ಮಂಜೂರಾತಿಗೆ ಒಂದು ಸಂಖ್ಯೆ ಇರುತ್ತದೆ. ಸಂದರ್ಶನ, ಆಫರ್, ಸೇರುವ ದಿನಾಂಕ ಎಲ್ಲವೂ ಆ ಸಂಖ್ಯೆಯ ಕೆಳಗೆ ದಾಖಲಾಗುತ್ತವೆ. ಮೇಲಿನಿಂದ ಸ್ಥಗಿತದ ಆದೇಶ ಬಂದಾಗ ತೆರೆದಿರುವ ಎಲ್ಲ ರಿಕ್ವಿಸಿಷನ್‌ಗಳ ಪಟ್ಟಿಯೊಂದು ಹೊರಬರುತ್ತದೆ, ಪ್ರತಿಯೊಂದರ ಮುಂದೆ ಮುಂದುವರಿಸಬೇಕೋ, ತಡೆಹಿಡಿಯಬೇಕೋ, ರದ್ದು ಮಾಡಬೇಕೋ ಎಂದು ಗುರುತು ಹಾಕುತ್ತಾರೆ. ಈಗಾಗಲೇ ಸೇರಿದವರ ಹೆಸರು ಈ ಪಟ್ಟಿಯಲ್ಲಿ ಇರುವುದಿಲ್ಲ. ಆಫರ್‌ಗೆ ಸಹಿ ಹಾಕಿ, ಸೇರುವ ದಿನಕ್ಕಾಗಿ ಕಾಯುತ್ತಿರುವವರು ಮಾತ್ರ ಅತ್ತ ನೌಕರರೂ ಅಲ್ಲದೆ ಇತ್ತ ಬರೀ ಅರ್ಜಿದಾರರೂ ಅಲ್ಲದೆ ನಡುವೆ ಸಿಕ್ಕಿಬಿದ್ದಿರುತ್ತಾರೆ. ಎಷ್ಟೋ ಸಲ ಒಂದು ದಿನಾಂಕವೇ ಗಡಿಯಾಗುತ್ತದೆ. ಅದರೊಳಗೆ ಸೇರುವವರು ಒಳಗೆ, ನಂತರದವರು ಹೊರಗೆ. ಯಾರ ಸಂದರ್ಶನ ಎಷ್ಟು ಚೆನ್ನಾಗಿ ಆಗಿತ್ತು ಎಂಬುದನ್ನು ಆ ಹೊತ್ತಿನಲ್ಲಿ ಯಾರೂ ತೆರೆದು ನೋಡುವುದಿಲ್ಲ.

ಈ ಪಟ್ಟಿ ರಿಕ್ರೂಟರ್ ಕೈಗೆ ಸಿಗುವುದು ಸಾಮಾನ್ಯವಾಗಿ ಕೊನೆಗೆ. ನಿಮಗೆ ಮೇಲ್ ಬಂದ ದಿನ ಬೆಳಿಗ್ಗೆಯಷ್ಟೇ ಅವರಿಗೂ ವಿಷಯ ಗೊತ್ತಾಗಿರುವ ಸಾಧ್ಯತೆ ಹೆಚ್ಚು. ಪತ್ರದ ಪಠ್ಯವನ್ನು ಕಾನೂನು ವಿಭಾಗ ನೋಡಿ ಒಪ್ಪಿರುತ್ತದೆ, ಅದಕ್ಕಿಂತ ಹೆಚ್ಚು ಹೇಳಬಾರದೆಂಬ ಸೂಚನೆಯೂ ಜೊತೆಗೇ ಬಂದಿರುತ್ತದೆ. ಫೋನಿನಲ್ಲಿ ಅವರ ಮಾತು ಅಸ್ಪಷ್ಟವಾಗಿ, ಓದಿ ಒಪ್ಪಿಸಿದಂತೆ ಕೇಳಿಸುವುದು ಇದರಿಂದಲೇ. ನಿರ್ಧಾರ ಬದಲಿಸುವ ಅಧಿಕಾರ ಅವರಿಗಿಲ್ಲ, ಕಂಪನಿಯ ಹಣಕಾಸಿನ ಸ್ಥಿತಿಯನ್ನು ಹೇಳುವ ಸ್ವಾತಂತ್ರ್ಯವೂ ಇಲ್ಲ. ಹಾಗೆಂದು ಅವರ ಕೈ ಪೂರ್ತಿ ಬರಿದಾಗಿಲ್ಲ. ಆಫರ್ ಏಕೆ ರದ್ದಾಯಿತೆಂದು ಬರವಣಿಗೆಯಲ್ಲಿ ದೃಢಪಡಿಸಬಲ್ಲರು, ಹುದ್ದೆ ತಡೆಹಿಡಿದದ್ದೋ ರದ್ದಾದದ್ದೋ ಎಂದು ಹೇಳಬಲ್ಲರು, ಕಂಪನಿಯ ತಂತ್ರಾಂಶದಲ್ಲಿ ನಿಮ್ಮ ಕಡತವನ್ನು ಯಾವ ಕಾರಣ ನಮೂದಿಸಿ ಮುಚ್ಚಬೇಕೆಂಬುದನ್ನು ಸರಿಪಡಿಸಬಲ್ಲರು, ಪರಿಹಾರದ ವಿಷಯವನ್ನು ಯಾರಿಗೆ ಬರೆಯಬೇಕೆಂದು ತಿಳಿಸಬಲ್ಲರು. ನಿಮ್ಮ ಉತ್ತರ ಈ ಚಿಕ್ಕ ವೃತ್ತದೊಳಗೆ ಇದ್ದರೆ ಅದಕ್ಕೆ ಬೆಲೆ ಬರುತ್ತದೆ.

ಈಚೆಗೆ ಪರಿಚಯದ ಒಬ್ಬರಿಗೆ ಇದೇ ಪರಿಸ್ಥಿತಿ ಬಂತು. ಅವರು ದತ್ತಾಂಶ ವಿಶ್ಲೇಷಣೆಯ ಕೆಲಸದವರು. ಹೊಸ ಕಂಪನಿಯ ಆಫರ್‌ಗೆ ಸಹಿ ಹಾಕಿ, ಇರುವ ಕೆಲಸಕ್ಕೆ ರಾಜೀನಾಮೆ ಕೊಟ್ಟು, ನೋಟಿಸ್ ಅವಧಿಯಲ್ಲಿ ಇನ್ನೂ ಮೂರು ವಾರ ಉಳಿದಿದ್ದಾಗ ಗುರುವಾರ ಸಂಜೆ ರಿಕ್ರೂಟರ್ ಫೋನ್ ಮಾಡಿ ವಿಷಯ ಹೇಳಿದರು. ‘ಮೇಲ್ ನಾಳೆ ಬರುತ್ತದೆ’ ಎಂದೂ ಹೇಳಿದರು. ಆ ರಾತ್ರಿಯೇ ಆಕೆ ಒಂದು ಉತ್ತರ ಬರೆದು ನನಗೆ ಕಳುಹಿಸಿ, ಇದು ಸರಿಯಿದೆಯೇ ನೋಡಿ ಎಂದರು.

ಆ ಕರಡನ್ನು ಓದುವ ಮೊದಲು ನಾನು ಅವರಿಗೆ ಎರಡು ಕೆಲಸ ಮಾಡಲು ಹೇಳಿದೆ. ಮೊದಲನೆಯದು, ಆಫರ್ ಲೆಟರ್, ಸಹಿ ಹಾಕಿದ ಪ್ರತಿ, ಸೇರುವ ದಿನಾಂಕ ಖಚಿತಪಡಿಸಿದ ಮೇಲ್, ಇವೆಲ್ಲವನ್ನೂ ಇಳಿಸಿಕೊಂಡು ತಮ್ಮ ಸ್ವಂತ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವುದು. ಹೊಸದಾಗಿ ಸೇರುವವರಿಗೆಂದು ಕಂಪನಿಗಳು ಕೊಡುವ ಪೋರ್ಟಲ್‌ನ ಲಾಗಿನ್, ಆಫರ್ ರದ್ದಾದ ಕೂಡಲೇ ನಿಂತುಹೋಗಬಹುದು. ಸಹಿ ಹಾಕಿದ ಪ್ರತಿ ಅಲ್ಲಿ ಮಾತ್ರ ಇದ್ದರೆ ಮತ್ತೆ ಸಿಗುವುದು ಕಷ್ಟ. ಎರಡನೆಯದು, ರಿಕ್ರೂಟರ್‌ಗೆ ಉತ್ತರಿಸುವ ಮೊದಲು ತಮ್ಮ ಈಗಿನ ಮ್ಯಾನೇಜರ್ ಜೊತೆ ಮಾತನಾಡುವುದು. ಕೊಟ್ಟ ರಾಜೀನಾಮೆಯನ್ನು ಹಿಂಪಡೆಯಲು ಸಾಮಾನ್ಯವಾಗಿ ಉದ್ಯೋಗದಾತರ ಒಪ್ಪಿಗೆ ಬೇಕು, ಒಪ್ಪಲೇಬೇಕೆಂಬ ಕಟ್ಟುಪಾಡು ಬಹುತೇಕ ಅವರಿಗಿರುವುದಿಲ್ಲ. ಅವರ ಜಾಗಕ್ಕೆ ಬೇರೆಯವರನ್ನು ಹುಡುಕಲು ಶುರುಮಾಡಿದ ಮೇಲೆ ಆ ಬಾಗಿಲು ದಿನದಿಂದ ದಿನಕ್ಕೆ ಮುಚ್ಚುತ್ತಾ ಹೋಗುತ್ತದೆ. ಹೊಸ ಕಂಪನಿಯ ಬಗೆಗಿನ ಬೇಸರದಲ್ಲಿ ಕಳೆಯುವ ನಾಲ್ಕು ದಿನಗಳು ಹಳೆಯ ಕೆಲಸವನ್ನು ಉಳಿಸಿಕೊಳ್ಳಬಹುದಾಗಿದ್ದ ನಾಲ್ಕು ದಿನಗಳೂ ಆಗಿರುತ್ತವೆ.

ಆಕೆ ಮರುದಿನ ಬೆಳಿಗ್ಗೆ ಮ್ಯಾನೇಜರ್ ಬಳಿ ಮಾತನಾಡಿದರು. ಮ್ಯಾನೇಜರ್‌ಗೆ ಅಭ್ಯಂತರವಿರಲಿಲ್ಲ, ಆದರೆ ಎಚ್.ಆರ್. ವಿಭಾಗ ಒಂದು ಪ್ರಶ್ನೆ ಕೇಳುತ್ತದೆ, ಅದಕ್ಕೆ ಕಾಗದದ ಮೇಲೆ ಉತ್ತರ ಬೇಕು ಎಂದರು. ಪ್ರಶ್ನೆ ಇಷ್ಟೇ: ಆ ಕಂಪನಿ ಇವರ ಆಫರನ್ನು ಏಕೆ ಹಿಂಪಡೆಯಿತು? ಹಿನ್ನೆಲೆ ಪರಿಶೀಲನೆಯಲ್ಲಿ ಏನಾದರೂ ಸಿಕ್ಕಿತೇ? ಹೊರಗಿನಿಂದ ನೋಡುವವರಿಗೆ ಹಿಂಪಡೆದ ಆಫರ್‌ಗಳೆಲ್ಲ ಒಂದೇ ತರಹ ಕಾಣಿಸುತ್ತವೆ. ಸುಳ್ಳು ಅನುಭವಪತ್ರ ಕೊಟ್ಟು ಸಿಕ್ಕಿಬಿದ್ದವರ ಆಫರೂ ರದ್ದಾಗುತ್ತದೆ, ಬಜೆಟ್ ಕಡಿತಕ್ಕೆ ಸಿಲುಕಿದವರ ಆಫರೂ ರದ್ದಾಗುತ್ತದೆ. ಶುಕ್ರವಾರ ಬಂದ ಮೇಲ್‌ನಲ್ಲಿ ‘ಬದಲಾದ ವ್ಯವಹಾರದ ಅಗತ್ಯಗಳು’ ಎಂಬ ಮಾತಿತ್ತೇ ಹೊರತು ನೇಮಕಾತಿ ಸ್ಥಗಿತ ಎಂದಿರಲಿಲ್ಲ. ಅದನ್ನು ಫೋನಿನಲ್ಲಷ್ಟೇ ಹೇಳಿದ್ದರು. ರಿಕ್ರೂಟರ್‌ಗೆ ಬರೆಯುವ ಪತ್ರದ ಮೊದಲ ಕೆಲಸ ಯಾವುದೆಂದು ಅಲ್ಲಿಗೆ ನಿರ್ಧಾರವಾಯಿತು.

ಇನ್ನು ಆಕೆಯ ಕರಡು. ಅದರಲ್ಲಿ ನಾಲ್ಕು ಪ್ಯಾರಾಗಳಿದ್ದವು. ಮೊದಲನೆಯದರಲ್ಲಿ ಆಘಾತ. ಎರಡನೆಯದರಲ್ಲಿ ಈ ಕೆಲಸಕ್ಕಾಗಿ ಬಿಟ್ಟುಕೊಟ್ಟದ್ದೆಲ್ಲದರ ವಿವರ: ಕೊಟ್ಟ ರಾಜೀನಾಮೆ, ಬೇಡವೆಂದ ಇನ್ನೊಂದು ಕಂಪನಿಯ ಆಫರ್, ಮನೆ ಬದಲಿಸಲು ಮಾಡಿಕೊಂಡಿದ್ದ ಏರ್ಪಾಡು. ಮೂರನೆಯದರಲ್ಲಿ, ಸಹಿ ಹಾಕಿದ ಪತ್ರವನ್ನು ಒಂದು ಕಂಪನಿ ಹೀಗೆ ಹಿಂಪಡೆಯುವುದು ಹೇಗೆ ಸಾಧ್ಯ ಎಂಬ ಪ್ರಶ್ನೆ. ನಾಲ್ಕನೆಯದರಲ್ಲಿ ದನಿ ಒಮ್ಮೆಲೇ ಬದಲಾಗಿ, ‘ನಿಮ್ಮ ನಿರ್ಧಾರವನ್ನು ನಾನು ಸಂಪೂರ್ಣವಾಗಿ ಒಪ್ಪಿಕೊಳ್ಳುತ್ತೇನೆ, ಯಾವುದೇ ಹುದ್ದೆಯಿದ್ದರೂ ದಯವಿಟ್ಟು ತಿಳಿಸಿ’ ಎಂಬ ವಿನಂತಿ.

ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಓದುವವರ ಕಡೆಯಿಂದ ನೋಡಿದರೆ, ಮೂರನೆಯ ಪ್ಯಾರಾ ಬಂದ ಕೂಡಲೇ ರಿಕ್ರೂಟರ್ ಆ ಪತ್ರವನ್ನು ಕಾನೂನು ವಿಭಾಗಕ್ಕೆ ಕಳುಹಿಸುತ್ತಾರೆ. ಅಲ್ಲಿಂದ ಮುಂದೆ ಅವರು ತಾವಾಗಿ ಒಂದು ಸಾಲನ್ನೂ ಬರೆಯುವಂತಿಲ್ಲ, ಬರಬೇಕಾಗಿದ್ದ ಸರಳವಾದ ದೃಢೀಕರಣವೂ ನಿಂತುಹೋಗುತ್ತದೆ. ನಾಲ್ಕನೆಯ ಪ್ಯಾರಾದ ತೊಂದರೆ ಇದಕ್ಕೆ ತಿರುವುಮುರುವು. ನಿರ್ಧಾರವನ್ನು ಸಂಪೂರ್ಣವಾಗಿ ಒಪ್ಪಿಕೊಂಡಿದ್ದೇನೆಂದು ಮೊದಲ ದಿನವೇ ಬರೆದುಕೊಟ್ಟವರು, ಮುಂದೆ ಪರಿಹಾರ ಕೇಳಲು ಹೋದಾಗ ತಾವೇ ಬರೆದ ಆ ಸಾಲಿಗೆ ಉತ್ತರ ಹೇಳಬೇಕಾಗುತ್ತದೆ. ಮಾಹಿತಿ ತಲುಪಿದೆ ಎಂದು ತಿಳಿಸಿದರೆ ಸಾಕು. ಒಪ್ಪಿಗೆ ಸೂಚಿಸುವ ಅವಶ್ಯಕತೆಯೇ ಇಲ್ಲ. ಇನ್ನು ‘ಯಾವುದೇ ಹುದ್ದೆಯಿದ್ದರೂ’ ಎಂಬ ಮಾತು, ನೇಮಕಾತಿಯೇ ನಿಂತಿರುವ ಕಂಪನಿಯಲ್ಲಿ ಯಾವ ಕೆಲಸಕ್ಕೂ ಬಾರದು. ಯಾವ ಹುದ್ದೆಗೆ ಇವರನ್ನು ಆಯ್ಕೆ ಮಾಡಿದ್ದರೋ ಆ ಹುದ್ದೆಯ ಗತಿ ಏನಾಯಿತು ಎಂದು ಕೇಳುವುದು ಅದಕ್ಕಿಂತ ಉಪಯುಕ್ತ.

ಆ ಪ್ರಶ್ನೆಯ ಮಹತ್ವ ಇಷ್ಟು. ರಿಕ್ವಿಸಿಷನ್ ತಡೆಹಿಡಿದ ಸ್ಥಿತಿಯಲ್ಲಿದ್ದರೆ, ಸ್ಥಗಿತ ತೆರವಾದಾಗ ಅದೇ ಸಂಖ್ಯೆ ಮತ್ತೆ ಜೀವ ಪಡೆಯುತ್ತದೆ, ಸಂದರ್ಶಕರು ಬರೆದ ಅಭಿಪ್ರಾಯಗಳು ಅದರ ಜೊತೆಗೇ ಉಳಿದಿರುತ್ತವೆ, ಮತ್ತೆ ಎಲ್ಲ ಸುತ್ತುಗಳನ್ನೂ ದಾಟಬೇಕಾಗದಿರಬಹುದು. ರದ್ದಾಗಿದ್ದರೆ ಆ ಹುದ್ದೆ ಹಣಕಾಸು ವಿಭಾಗದ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಮುಂದೆ ಅಂಥದ್ದೇ ಹುದ್ದೆ ಬಂದರೂ ಅದು ಹೊಸ ಮಂಜೂರಾತಿ, ಹೊಸ ಅರ್ಜಿ. ಮೊದಲನೆಯ ಪರಿಸ್ಥಿತಿಯಲ್ಲಿ ಕೆಲವು ತಿಂಗಳ ನಂತರ ವಿಚಾರಿಸುವುದಕ್ಕೆ ಅರ್ಥವಿದೆ, ಎರಡನೆಯದರಲ್ಲಿ ಆ ಕಂಪನಿಯನ್ನು ಸದ್ಯಕ್ಕೆ ಮರೆತು ಮುಂದೆ ಹೋಗುವುದೇ ಲೇಸು. ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ, ಕಂಪನಿಯ ಗುಟ್ಟೇನನ್ನೂ ಹೊರಹಾಕದ ಪ್ರಶ್ನೆಯಾದ್ದರಿಂದ ರಿಕ್ರೂಟರ್‌ಗಳು ಇದಕ್ಕೆ ಉತ್ತರಿಸಲು ಹಿಂಜರಿಯುವುದು ಕಡಿಮೆ. ಇದರ ಮೂರನೆಯ ರೂಪವೊಂದಿದೆ: ಆಫರ್ ಹಾಗೇ ಇದೆ, ಸೇರುವ ದಿನಾಂಕವನ್ನು ಮಾತ್ರ ಮುಂದೂಡಿದ್ದೇವೆ ಎನ್ನುವುದು. ಹೊಸ ದಿನಾಂಕವನ್ನು ಬರವಣಿಗೆಯಲ್ಲಿ ಕೊಡದಿದ್ದರೆ ಅದನ್ನು ಹಿಂಪಡೆದ ಆಫರ್ ಎಂದೇ ಎಣಿಸಿ ಕೆಲಸ ಹುಡುಕುವುದನ್ನು ಮುಂದುವರಿಸಬೇಕು ಎಂಬುದು ನನ್ನ ಅಭಿಪ್ರಾಯ. ಕಾಯುವವರನ್ನು ಕಾಯಿಸುವುದಕ್ಕೆ ಕಂಪನಿಗೆ ಖರ್ಚಿಲ್ಲ.

ತಂತ್ರಾಂಶದಲ್ಲಿ ಕಡತ ಮುಚ್ಚುವ ವಿಷಯ ಅಭ್ಯರ್ಥಿಗಳಿಗೆ ಬಹುತೇಕ ಗೊತ್ತೇ ಇರುವುದಿಲ್ಲ. ಅರ್ಜಿಗಳನ್ನು ನಿರ್ವಹಿಸುವ ತಂತ್ರಾಂಶದಲ್ಲಿ ಪ್ರತಿ ಅಭ್ಯರ್ಥಿಯ ಕಡತವನ್ನು ಮುಚ್ಚುವಾಗ ಒಂದು ಕಾರಣವನ್ನು ಪಟ್ಟಿಯಿಂದ ಆರಿಸಬೇಕಾಗುತ್ತದೆ. ಅಭ್ಯರ್ಥಿ ನಿರಾಕರಿಸಿದರು, ಸಂದರ್ಶನದಲ್ಲಿ ಆಯ್ಕೆಯಾಗಲಿಲ್ಲ, ಪರಿಶೀಲನೆಯಲ್ಲಿ ತೇರ್ಗಡೆಯಾಗಲಿಲ್ಲ, ಹುದ್ದೆ ರದ್ದಾಯಿತು ಎಂಬಂಥ ಕಾರಣಗಳು ಅಲ್ಲಿರುತ್ತವೆ. ಸ್ಥಗಿತದ ದಿನ ಹತ್ತಾರು ಕಡತಗಳನ್ನು ಒಟ್ಟಿಗೇ ಮುಚ್ಚುವ ಧಾವಂತದಲ್ಲಿ ಕೈಗೆ ಮೊದಲು ಸಿಕ್ಕ ಕಾರಣವನ್ನು ಎಲ್ಲಕ್ಕೂ ಹಾಕಿಬಿಡುವುದುಂಟು. ಒಂದು ವರ್ಷದ ಬಳಿಕ ಬೇರೊಬ್ಬ ರಿಕ್ರೂಟರ್ ಅದೇ ಹೆಸರನ್ನು ತೆರೆದಾಗ ಅವರಿಗೆ ಕಾಣಿಸುವುದು ಆ ಒಂದು ಸಾಲು. ಆಯ್ಕೆಯಾಗದವರನ್ನು ಇಂತಿಷ್ಟು ತಿಂಗಳು ಮತ್ತೆ ಪರಿಗಣಿಸಬಾರದೆಂಬ ನಿಯಮವಿರುವ ಕಂಪನಿಗಳಲ್ಲಿ, ಗೆದ್ದು ಆಫರ್ ಪಡೆದಿದ್ದವರೂ ತಪ್ಪು ನಮೂದಿನಿಂದಾಗಿ ಸೋತವರ ಸಾಲಿಗೆ ಸೇರಿಬಿಡುತ್ತಾರೆ. ಅವರ ಹೊಸ ಅರ್ಜಿಯನ್ನು ಯಾರೂ ಕಣ್ಣೆತ್ತಿ ನೋಡುವ ಮೊದಲೇ ತಂತ್ರಾಂಶವೇ ಬದಿಗೆ ಸರಿಸಬಹುದು. ಕೇಳಿದರೆ ಇದನ್ನು ಸರಿಪಡಿಸುವುದು ಒಂದೆರಡು ನಿಮಿಷದ ಕೆಲಸ, ಅದಕ್ಕೆ ಯಾರ ಅನುಮತಿಯೂ ಬೇಕಾಗುವುದು ಅಪರೂಪ.

ಇಷ್ಟನ್ನೆಲ್ಲ ಮಾತನಾಡಿದ ಮೇಲೆ ಆಕೆ ಶುಕ್ರವಾರ ಮಧ್ಯಾಹ್ನ ಕಳುಹಿಸಿದ ಪತ್ರ ಹೀಗಿತ್ತು. ಹೊಸ ಮೇಲ್ ಬರೆಯದೆ, ಆಫರ್ ಕಳುಹಿಸಿದ್ದ, ತಾವು ಒಪ್ಪಿಗೆ ಕೊಟ್ಟಿದ್ದ ಹಳೆಯ ಮೇಲ್‌ಗೇ ಉತ್ತರವಾಗಿ ಇದನ್ನು ಬರೆದರು. ಹೀಗೆ ಮಾಡಿದಾಗ ಆಫರ್, ಸಮ್ಮತಿ, ಹಿಂಪಡೆತ, ಪ್ರಶ್ನೆ ಎಲ್ಲವೂ ದಿನಾಂಕದ ಸಮೇತ ಒಂದೇ ಸರಣಿಯಲ್ಲಿ ಉಳಿಯುತ್ತವೆ.

‘ಮಾನ್ಯರೇ, ನಿನ್ನೆ ಸಂಜೆ ನೀವೇ ಫೋನ್ ಮಾಡಿ ವಿಷಯ ತಿಳಿಸಿದ್ದಕ್ಕೆ ಧನ್ಯವಾದ. ಆಫರ್ ಹಿಂಪಡೆದಿರುವ ಬಗ್ಗೆ ಇಂದು ಬೆಳಿಗ್ಗೆ ಬಂದ ಮೇಲ್ ನನಗೆ ತಲುಪಿದೆ. ಈ ತಂಡದಲ್ಲಿ ಕೆಲಸ ಮಾಡಲು ನಾನು ಎದುರು ನೋಡುತ್ತಿದ್ದೆ, ಆದ್ದರಿಂದ ಇದು ನನಗೆ ಬೇಸರದ ಸುದ್ದಿ.

ನಿಮ್ಮ ಆಫರ್‌ಗೆ ಸಹಿ ಹಾಕಿದ ನಂತರ ನಾನು ಈಗಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದೇನೆ, ಅದನ್ನು ಹಿಂಪಡೆಯಲು ಇಲ್ಲಿ ಕೋರಿಕೊಂಡಿದ್ದೇನೆ. ಅದಕ್ಕಾಗಿ ಒಂದು ದೃಢೀಕರಣ ನನಗೆ ಸೋಮವಾರದೊಳಗೆ ಬೇಕಾಗಿದೆ: ನನ್ನ ಆಫರನ್ನು ಹಿಂಪಡೆದದ್ದು ಕಂಪನಿಯ ನೇಮಕಾತಿ ಸ್ಥಗಿತದ ಕಾರಣಕ್ಕೆ ಮಾತ್ರ, ನನ್ನ ಸಂದರ್ಶನ ಅಥವಾ ಹಿನ್ನೆಲೆ ಪರಿಶೀಲನೆಗೆ ಸಂಬಂಧಿಸಿದ ಯಾವ ಕಾರಣವೂ ಇದಕ್ಕಿಲ್ಲ ಎಂದು ಈ ಮೇಲ್‌ಗೆ ಉತ್ತರವಾಗಿ ತಿಳಿಸಿದರೆ ಸಾಕು.

ಅನುಕೂಲವಾದಾಗ ಇನ್ನೆರಡು ವಿಷಯ ತಿಳಿಸಿ. ಈ ಹುದ್ದೆಯನ್ನು ತಡೆಹಿಡಿಯಲಾಗಿದೆಯೇ ಅಥವಾ ರದ್ದುಗೊಳಿಸಲಾಗಿದೆಯೇ? ನಿಮ್ಮ ತಂತ್ರಾಂಶದಲ್ಲಿ ನನ್ನ ಕಡತಕ್ಕೂ ಇದೇ ಕಾರಣ ದಾಖಲಾಗಿದೆಯೇ? ಆಫರ್ ಹಿಂಪಡೆದದ್ದರಿಂದ ಆಗುವ ನಷ್ಟದ ಬಗ್ಗೆ ನಾನು ಪ್ರತ್ಯೇಕವಾಗಿ ಬರೆಯಬೇಕಾಗಬಹುದು. ಅದನ್ನು ಯಾರಿಗೆ ಬರೆಯಬೇಕೆಂದು ಸೂಚಿಸಿದರೆ ಉಪಕಾರವಾಗುತ್ತದೆ.’

ಕೆಳಗೆ ಹೆಸರು, ತಮ್ಮ ಸ್ವಂತ ಮೇಲ್ ವಿಳಾಸ, ಫೋನ್ ಸಂಖ್ಯೆ. ಸಿಟ್ಟನ್ನು ಬಚ್ಚಿಟ್ಟು ನಯವನ್ನು ಮೆರೆಸುವ ಪತ್ರ ಇದಲ್ಲ ಎಂಬುದನ್ನು ಗಮನಿಸಬೇಕು. ಬೇಸರವನ್ನು ಒಂದೇ ವಾಕ್ಯದಲ್ಲಿ, ಇರುವಷ್ಟೇ ಹೇಳಿದೆ. ರಾಜೀನಾಮೆಯ ವಿಷಯ ದೂರಾಗಿ ಬರದೆ, ದೃಢೀಕರಣ ಏಕೆ ಬೇಕು ಎಂಬುದಕ್ಕೆ ಕಾರಣವಾಗಿ ಬಂದಿದೆ. ಮುಂದೆ ಯಾರಾದರೂ ಈ ಸರಣಿಯನ್ನು ಓದಿದರೆ, ಆಫರ್ ನಂಬಿ ರಾಜೀನಾಮೆ ಕೊಟ್ಟರು ಎಂಬ ಸಂಗತಿ ತಾನಾಗಿಯೇ ದಾಖಲಾಗಿರುತ್ತದೆ. ಗಡುವಿರುವುದು ಒಂದೇ ಕೋರಿಕೆಗೆ, ಆ ಗಡುವಿಗೂ ಕಾರಣವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ರಿಕ್ರೂಟರ್ ಬರೆಯಬೇಕಾದ ವಾಕ್ಯವನ್ನು ಆಕೆಯೇ ಬರೆದುಕೊಟ್ಟಿದ್ದಾರೆ. ಕಾರಣ ತಿಳಿಸಿ ಎಂದು ಕೇಳಿದ್ದರೆ ರಿಕ್ರೂಟರ್ ಹೊಸದಾಗಿ ಒಂದು ವಾಕ್ಯ ಕಟ್ಟಬೇಕಿತ್ತು, ಅದನ್ನು ಇನ್ನೊಬ್ಬರಿಗೆ ತೋರಿಸಬೇಕಿತ್ತು. ಇಲ್ಲಿ ‘ಹೌದು’ ಎಂದರೆ ಮುಗಿಯಿತು.

ಪರಿಹಾರದ ಮಾತನ್ನು ಇದೇ ಪತ್ರದಲ್ಲಿ ಪೂರ್ತಿ ಎತ್ತದೆ ಒಂದು ಸಾಲಿನ ಸೂಚನೆಗೆ ನಿಲ್ಲಿಸಿದ್ದು ಉದ್ದೇಶಪೂರ್ವಕ. ಹಣದ ಕೋರಿಕೆ ರಿಕ್ರೂಟರ್ ತೀರ್ಮಾನಿಸುವ ವಿಷಯವಲ್ಲ, ಅದು ಬಂದ ಪತ್ರ ಬೇರೆ ದಾರಿ ಹಿಡಿಯುತ್ತದೆ, ಜೊತೆಯಲ್ಲಿರುವ ಸಣ್ಣ ಕೋರಿಕೆಗಳೂ ಅದರೊಂದಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಹಾಗೆಂದು ಕೇಳಲೇಬಾರದೆಂದಲ್ಲ. 2022ರ ಜೂನ್‌ನಲ್ಲಿ ಅಮೆರಿಕದ ಕ್ರಿಪ್ಟೊ ವಿನಿಮಯ ಕಂಪನಿ ಕಾಯಿನ್‌ಬೇಸ್ ಹೊಸ ನೇಮಕಾತಿಯನ್ನು ನಿಲ್ಲಿಸಿ, ಅಭ್ಯರ್ಥಿಗಳು ಈಗಾಗಲೇ ಒಪ್ಪಿಕೊಂಡಿದ್ದ ಆಫರ್‌ಗಳನ್ನೂ ಹಿಂಪಡೆಯಿತು. ಆಗ ತನ್ನ ನೌಕರರನ್ನು ಬಿಡುವಾಗ ಅನುಸರಿಸುವ ಪರಿಹಾರದ ನೀತಿಯನ್ನು ಈ ಅಭ್ಯರ್ಥಿಗಳಿಗೂ ಅನ್ವಯಿಸುವುದಾಗಿ, ಬೇರೆ ಕಡೆ ಕೆಲಸ ಹುಡುಕಿಕೊಳ್ಳಲು ನೆರವಾಗುವುದಾಗಿ ಅದು ಪ್ರಕಟಿಸಿತ್ತು. ಎಲ್ಲ ಕಂಪನಿಗಳೂ ತಾವಾಗಿ ಹಾಗೆ ಮಾಡುವುದಿಲ್ಲ, ಆದರೆ ಸಹಿ ಹಾಕಿದವರು ಪರಿಹಾರ ಕೇಳುವುದು ಅತಿಯಾಸೆಯೇನಲ್ಲ ಎಂಬುದಕ್ಕೆ ಅದು ಉದಾಹರಣೆ.

ಕಾನೂನು ಎಲ್ಲ ದೇಶಗಳಲ್ಲೂ ಒಂದೇ ಅಲ್ಲ. ಬ್ರಿಟನ್ನಿನಲ್ಲಿ ಷರತ್ತಿಲ್ಲದ ಆಫರನ್ನು ಒಪ್ಪಿಕೊಂಡ ಮೇಲೆ ಒಪ್ಪಂದ ಏರ್ಪಟ್ಟಂತೆ, ಅದನ್ನು ಕಂಪನಿ ಹಿಂಪಡೆದರೆ ಒಪ್ಪಂದದ ಉಲ್ಲಂಘನೆಯಾಗಬಹುದು; ಸಿಗಬಹುದಾದ ಪರಿಹಾರ ಮಾತ್ರ ಸಾಮಾನ್ಯವಾಗಿ ನೋಟಿಸ್ ಅವಧಿಯ ಸಂಬಳಕ್ಕೆ ಸೀಮಿತ. ಅಮೆರಿಕದ ಬಹುತೇಕ ಕಡೆ ಉದ್ಯೋಗವನ್ನು ಯಾವಾಗ ಬೇಕಾದರೂ ಕೊನೆಗೊಳಿಸಬಹುದಾದ್ದರಿಂದ ದಾರಿ ಇನ್ನೂ ಕಿರಿದು, ಆದರೂ ಕೊಟ್ಟ ಮಾತನ್ನು ನಂಬಿ ನಷ್ಟ ಅನುಭವಿಸಿದವರ ವಾದವನ್ನು ಕೆಲವು ರಾಜ್ಯಗಳ ನ್ಯಾಯಾಲಯಗಳು ಆಲಿಸುತ್ತವೆ. ಆಫರ್ ಲೆಟರಿನಲ್ಲೇ ಯಾವ ಷರತ್ತುಗಳಿವೆ ಎಂಬುದನ್ನು ಎಲ್ಲೇ ಆದರೂ ಮೊದಲು ಓದಬೇಕು. ಸೇರುವ ದಿನದವರೆಗೆ ಹಿಂಪಡೆಯುವ ಹಕ್ಕನ್ನು ಕಂಪನಿ ಅಲ್ಲೇ ಉಳಿಸಿಕೊಂಡಿರಬಹುದು. ಪರಿಹಾರದ ಪತ್ರದಲ್ಲಿ ಆಫರ್ ಒಪ್ಪಿದ ದಿನ, ರಾಜೀನಾಮೆ ಕೊಟ್ಟ ದಿನ, ಹಿಂಪಡೆದ ದಿನ, ಈ ನಡುವೆ ಆದ ನಷ್ಟ ಮತ್ತು ಅದರ ದಾಖಲೆ, ಕೇಳುತ್ತಿರುವ ಮೊತ್ತ ಇವಿಷ್ಟಿದ್ದರೆ ಸಾಕು. ಕಂಪನಿ ಹಣದ ಜೊತೆಗೆ, ಮುಂದೆ ಯಾವ ಹಕ್ಕೊತ್ತಾಯವನ್ನೂ ಮಾಡುವುದಿಲ್ಲ ಎಂಬ ಮುಚ್ಚಳಿಕೆಯನ್ನು ಕಳುಹಿಸಿದರೆ ಅದೇ ದಿನ ಸಹಿ ಹಾಕದೆ, ಉದ್ಯೋಗ ಕಾನೂನು ತಿಳಿದವರಿಗೆ ತೋರಿಸಬೇಕು.

ಆಕೆಗೆ ಶುಕ್ರವಾರ ಸಂಜೆಯೇ ಉತ್ತರ ಬಂತು, ಎರಡೇ ಸಾಲು. ಕಾರಣ ನೇಮಕಾತಿ ಸ್ಥಗಿತ ಮಾತ್ರ ಎಂಬ ದೃಢೀಕರಣ ಒಂದು, ಹುದ್ದೆಯನ್ನು ತಡೆಹಿಡಿಯಲಾಗಿದೆ, ರದ್ದು ಮಾಡಿಲ್ಲ ಎಂಬುದು ಇನ್ನೊಂದು. ಕಡತದ ಬಗ್ಗೆ ಉತ್ತರ ಬರಲಿಲ್ಲ. ಆಕೆ ಮುಂದಿನ ವಾರ ಆ ಒಂದು ಪ್ರಶ್ನೆಯನ್ನು ಮತ್ತೆ ಕೇಳಿದಾಗ, ‘ಸರಿಪಡಿಸಿದ್ದೇನೆ’ ಎಂದಷ್ಟೇ ಬಂತು. ಅಂದರೆ ಮೊದಲು ಬೇರೇನೋ ಇತ್ತು! ದೃಢೀಕರಣದ ಮೇಲನ್ನು ನೋಡಿದ ಎಚ್.ಆರ್. ವಿಭಾಗ ರಾಜೀನಾಮೆ ಹಿಂಪಡೆಯಲು ಒಪ್ಪಿತು. ಅವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವ ಮಂಜೂರಾತಿ ಅಲ್ಲಿನ ಹಣಕಾಸು ವಿಭಾಗದಲ್ಲಿ ಇನ್ನೂ ಅಲ್ಲಾಡದೆ ಕುಳಿತಿದ್ದದ್ದೂ ಇದಕ್ಕೆ ನೆರವಾಯಿತು. ಕಡತಗಳು ನಿಧಾನವಾಗಿ ಚಲಿಸುವುದರಿಂದ ಒಮ್ಮೊಮ್ಮೆ ಒಳ್ಳೆಯದೂ ಆಗುತ್ತದೆ. ಬೇಡವೆಂದಿದ್ದ ಇನ್ನೊಂದು ಕಂಪನಿಗೂ ಆಕೆ ಬರೆದಿದ್ದರು, ಆ ಹುದ್ದೆ ಭರ್ತಿಯಾಗಿತ್ತು. ರಾಜೀನಾಮೆಯೇ ಹಿಂದಕ್ಕೆ ಬಂದದ್ದರಿಂದ ಅವರಿಗೆ ಉಳಿದ ನಷ್ಟ ಸಣ್ಣದಾಗಿತ್ತು, ಪರಿಹಾರದ ಪತ್ರ ಬರೆಯುವ ಗೋಜಿಗೆ ಅವರು ಹೋಗಲಿಲ್ಲ.

ಕಂಪನಿಯ ಒಳಗಿನವರಲ್ಲದೆ ಹೊರಗಿನ ಏಜೆನ್ಸಿಯ ರಿಕ್ರೂಟರ್ ಮೂಲಕ ಆಫರ್ ಬಂದಿದ್ದರೆ ಪತ್ರ ಸ್ವಲ್ಪ ಬದಲಾಗಬೇಕು. ಏಜೆನ್ಸಿಗೆ ಶುಲ್ಕ ಸಿಗುವುದು ಬಹುತೇಕ ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲೆ, ಹಾಗಾಗಿ ಆಫರ್ ರದ್ದಾದಾಗ ಅವರ ದುಡಿಮೆಯೂ ವ್ಯರ್ಥವಾಗಿರುತ್ತದೆ. ಕಂಪನಿಯ ತಂತ್ರಾಂಶ ಅವರ ಕೈಯಲ್ಲಿರುವುದಿಲ್ಲ, ಅಧಿಕೃತ ದೃಢೀಕರಣವನ್ನು ಕಂಪನಿಯಿಂದಲೇ ತರಿಸಿಕೊಡಿ ಎಂದು ಕೇಳಬೇಕು. ಅದೇ ಅನುಭವಕ್ಕೆ ಹೊಂದುವ ಬೇರೆ ಕಡೆ ತಕ್ಷಣ ಪ್ರಯತ್ನಿಸುವ ಉಮೇದು ಅವರಿಗಿರುತ್ತದೆ. ಅದನ್ನು ಬಳಸಿಕೊಳ್ಳಬಹುದು, ಆದರೆ ತಮ್ಮನ್ನು ಕೇಳದೆ ರೆಸ್ಯೂಮೆಯನ್ನು ಎಲ್ಲೂ ಕಳುಹಿಸಬಾರದೆಂದು ಅದೇ ಪತ್ರದಲ್ಲಿ ಬರೆದಿಡಬೇಕು. ಒಂದೇ ಕಂಪನಿಗೆ ಇಬ್ಬರ ಮೂಲಕ ಒಂದೇ ಹೆಸರು ಹೋದರೆ, ಶುಲ್ಕದ ತಕರಾರಿಗೆ ಹೆದರಿ ಕಂಪನಿ ಆ ಹೆಸರನ್ನೇ ಬಿಟ್ಟುಬಿಡಬಹುದು.

ಇನ್ನೊಂದು ಸಂಗತಿಯನ್ನು ಒಳಗಿದ್ದವಳಾಗಿ ಹೇಳುತ್ತೇನೆ. ನೇಮಕಾತಿಯೇ ನಿಂತ ಕಂಪನಿಯಲ್ಲಿ ರಿಕ್ರೂಟರ್‌ಗಳಿಗೆ ಕೆಲಸವಿರುವುದಿಲ್ಲ, ಸ್ಥಗಿತ ಉದ್ಯೋಗ ಕಡಿತಕ್ಕೆ ತಿರುಗಿದಾಗ ಮೊದಲು ಹೋಗುವವರಲ್ಲಿ ಅವರೂ ಇರುತ್ತಾರೆ. ನಿಮ್ಮ ಆಫರ್ ಹಿಂಪಡೆದ ಮೇಲ್ ಬರೆದವರು ಆರು ತಿಂಗಳ ಬಳಿಕ ಅಲ್ಲಿ ಇಲ್ಲದಿರಬಹುದು. ಆದ್ದರಿಂದ ಆಯ್ಕೆ ಮಾಡಿದ ತಂಡದ ಮ್ಯಾನೇಜರ್‌ಗೂ ಒಂದು ಸಣ್ಣ ಪತ್ರ ಅದೇ ವಾರ ಹೋಗಬೇಕು. ಅವರೂ ತಿಂಗಳುಗಟ್ಟಲೆ ಹುಡುಕಿ ಆರಿಸಿದ್ದ ಒಬ್ಬರನ್ನು ಕಳೆದುಕೊಂಡಿರುತ್ತಾರೆ, ಇರುವ ಕೆಲಸವನ್ನು ಇರುವ ಜನರ ಮೇಲೇ ಹಂಚಬೇಕಾದ ಇಕ್ಕಟ್ಟಿನಲ್ಲಿರುತ್ತಾರೆ. ನಿರ್ಧಾರದ ವಿರುದ್ಧ ಹೋರಾಡಿ ಎಂದು ಅವರನ್ನು ಕೇಳುವುದು ವ್ಯರ್ಥ. ಸಂದರ್ಶನದಲ್ಲಿ ಮಾತನಾಡಿದ್ದ ಯಾವುದಾದರೂ ಒಂದು ನಿರ್ದಿಷ್ಟ ಕೆಲಸವನ್ನು ನೆನಪಿಸಿ, ಹುದ್ದೆ ಮತ್ತೆ ತೆರೆದರೆ ತನಗೆ ಆಸಕ್ತಿಯಿದೆ ಎಂದು ತಿಳಿಸಿ, ಸ್ವಂತ ಮೇಲ್ ವಿಳಾಸ ಕೊಟ್ಟರೆ ಆಯಿತು. ಹುದ್ದೆ ಮತ್ತೆ ಮಂಜೂರಾದಾಗ ‘ಆಗ ಆರಿಸಿದ್ದೆವಲ್ಲ, ಅವರು ಸಿಗುತ್ತಾರೆಯೇ’ ಎಂದು ಕೇಳಬೇಕಾದವರು ಈ ಮ್ಯಾನೇಜರ್.

ಹುದ್ದೆ ತಡೆಹಿಡಿದದ್ದು ಎಂದು ಗೊತ್ತಾದ ಮೇಲೆ ಮತ್ತೆ ಯಾವಾಗ ಬರೆಯಬೇಕು ಎಂಬುದಕ್ಕೆ ಕಂಪನಿಯ ಬಜೆಟ್ ಕ್ಯಾಲೆಂಡರೇ ಉತ್ತರ. ವಾರಕ್ಕೊಮ್ಮೆ ವಿಚಾರಿಸುವುದರಿಂದ ಏನೂ ಬದಲಾಗುವುದಿಲ್ಲ, ಏಕೆಂದರೆ ಆ ವಾರಗಳಲ್ಲಿ ಯಾರೂ ಆ ಪಟ್ಟಿಯನ್ನು ತೆರೆದಿರುವುದಿಲ್ಲ. ತ್ರೈಮಾಸಿಕ ಮುಗಿದು ಲೆಕ್ಕ ಹೊರಬಂದ ಮೇಲೆ, ಅಥವಾ ಹೊಸ ಆರ್ಥಿಕ ವರ್ಷದ ಬಜೆಟ್ ಹಂಚಿಕೆಯಾದ ಮೇಲೆ ಆ ಪಟ್ಟಿ ಮತ್ತೆ ಮೇಜಿನ ಮೇಲೆ ಬರುತ್ತದೆ. ಆಗ ಮೂರು ಸಾಲು ಸಾಕು: ಹಿಂದಿನ ಆಫರ್‌ನ ಉಲ್ಲೇಖ, ಹುದ್ದೆಯ ಸ್ಥಿತಿಯ ಬಗ್ಗೆ ಪ್ರಶ್ನೆ, ತಾನು ಈಗ ಲಭ್ಯವಿರುವುದರ ವಿವರ. ಮೇಲ್ ವಿಳಾಸ ಚಾಲ್ತಿಯಲ್ಲಿಲ್ಲವೆಂದು ಹಿಂದಿರುಗಿ ಬಂದರೆ ಅದೂ ಒಂದು ಮಾಹಿತಿಯೇ. ಮುಂದಿನ ಪತ್ರ ಮ್ಯಾನೇಜರ್‌ಗೆ ಹೋಗಬೇಕು. ಕೆಲಸ ಬಿಟ್ಟು ಹೋದ ಆ ರಿಕ್ರೂಟರ್ ಬೇರೆ ಕಂಪನಿ ಸೇರಿದ್ದರೆ, ಅಲ್ಲಿಗೂ ಒಂದು ಮಾತು ಬರೆಯಬಹುದು. ಅಚ್ಚುಕಟ್ಟಾಗಿ ಬರೆದ ಉತ್ತರಗಳನ್ನು ನಾವು ಮರೆಯುವುದಿಲ್ಲ, ಅಂಥವು ಬರುವುದೇ ಕಡಿಮೆ.

ಆಕೆಯ ವಿಷಯದಲ್ಲಿ ಹಾಗೇ ಆಯಿತು. ಸ್ಥಗಿತ ತೆರವಾದ ಮೇಲೆ ಕಂಪನಿಯಿಂದ ಮೇಲ್ ಬಂತು, ಬರೆದವರು ಹೊಸ ರಿಕ್ರೂಟರ್. ಹುದ್ದೆ ಮತ್ತೆ ತೆರೆದಿದೆ, ನೀವು ಈಗಲೂ ಆಸಕ್ತರೇ ಎಂದು ಅವರು ಕೇಳಿದ್ದರು. ಈ ಸಲ ಆಕೆ ನನ್ನನ್ನು ಕೇಳದೆಯೇ ಉತ್ತರ ಬರೆದರು. ಆಸಕ್ತಿಯಿದೆ ಎಂದು ಹೇಳಿ, ಈ ಮಂಜೂರಾತಿ ಪ್ರಸಕ್ತ ವರ್ಷದ ಬಜೆಟ್‌ನಲ್ಲಿ ಸೇರಿದೆಯೇ, ಹಿಂದಿನ ಸಂದರ್ಶನಗಳನ್ನು ಪರಿಗಣಿಸುತ್ತೀರಾ ಎಂದು ಕೇಳಿದರು. ಜೊತೆಗೆ, ಸೇರುವ ಮೊದಲು ಕಂಪನಿ ತನ್ನ ಕಾರಣಕ್ಕೆ ಆಫರನ್ನು ಹಿಂಪಡೆದರೆ ನೋಟಿಸ್ ಅವಧಿಯಷ್ಟು ಸಂಬಳವನ್ನು ಕೊಡುವುದೆಂಬ ಒಂದು ಷರತ್ತನ್ನು ಆಫರ್ ಲೆಟರಿನಲ್ಲಿ ಸೇರಿಸಲು ಕೋರಿದರು. ಮೊದಲೆರಡಕ್ಕೆ ಹೌದು ಎಂಬ ಉತ್ತರ ಬಂತು. ಷರತ್ತಿನ ಮಾತು ಕಾನೂನು ವಿಭಾಗಕ್ಕೆ ಹೋಗಿ, ಪೂರ್ತಿ ಸಂಬಳದ ಬದಲು ಅರ್ಧ ಅವಧಿಯ ಸಂಬಳ ಎಂಬ ತಿದ್ದುಪಡಿಯೊಂದಿಗೆ ಹಿಂದಿರುಗಿತು. ಆಕೆ ಅದಕ್ಕೆ ಒಪ್ಪಿದರು. ತಿದ್ದಿದ ಪ್ರತಿ ಸಹಿಯಾಗಿ ಕೈಸೇರುವವರೆಗೆ ರಾಜೀನಾಮೆ ಕೊಡಲಿಲ್ಲ.